ಕುಂಡದ ಮಣ್ಣಿನ ಬಿಳಿ ಬೂಷ್ಟು, ಹಸಿರು ಪಾಚಿ

ಕುಂಡದ ಮಣ್ಣಿನ ಮೇಲೆ ಹತ್ತಿ ಎಳೆದು ಹಾಸಿದಂತೆ ಕಾಣುವ ಬಿಳಿ ಪದರ ಹೆಚ್ಚಿನ ಸಲ ಬರೀ ಬೂಷ್ಟು. ಅದಕ್ಕೆ ಬೇಕಾದದ್ದು ಗಿಡವಲ್ಲ, ಮಣ್ಣಿನಲ್ಲಿರುವ ಸತ್ತ ಜೈವಿಕ ವಸ್ತು: ಅರ್ಧ ಕೊಳೆತ ಸಗಣಿ ಗೊಬ್ಬರ, ತರಗೆಲೆ, ತೆಂಗಿನ ನಾರಿನ ಪುಡಿ, ಎಲ್ಲಕ್ಕಿಂತ ಮಿಗಿಲಾಗಿ ಹಿಂಡಿ.

ಮಳೆಗಾಲದಲ್ಲಿ ಮೆಣಸಿನ ಗಿಡದ ಕುಂಡಕ್ಕೆ ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಮೇಲೆಯೇ ಉದುರಿಸಿ ನೀರು ಹಾಕಿದರೆ, ಎರಡು ಮೂರು ದಿನದಲ್ಲಿ ಹಿಂಡಿಯ ಚೂರುಗಳ ಸುತ್ತ ಬಿಳಿ ಎಳೆಗಳು ಏಳುತ್ತವೆ. ಚೂರು ಬಿದ್ದ ಕಡೆ ಮಾತ್ರ ಬೂಷ್ಟು, ನಡುವಿನ ಮಣ್ಣು ಖಾಲಿ. ಗಿಡದ ಕಾಂಡ ಗಟ್ಟಿಯಾಗಿಯೂ ಎಲೆ ನೆಟ್ಟಗೂ ಇರುತ್ತದೆ. ಆ ಶಿಲೀಂಧ್ರ ಹಿಂಡಿಯನ್ನು ಕರಗಿಸಿ ಬೇರಿಗೆ ದಕ್ಕುವಂತೆ ಮಾಡುತ್ತಿದೆ ಎಂದೇ ಇದರ ಅರ್ಥ. ಔಷಧಿ ಸಿಂಪಡಿಸುವುದು ದಂಡ. ಕಡ್ಡಿಯಿಂದ ಮೇಲ್ಮಣ್ಣನ್ನು ಕೆದಕಿ, ಹಿಂಡಿಯನ್ನು ಒಂದೆರಡು ಅಂಗುಲ ಒಳಗೆ ಸೇರಿಸಿ, ಮೇಲ್ಭಾಗ ಒಣಗಿದ ಮೇಲೆ ನೀರು ಕೊಟ್ಟರೆ ಸಾಕು. ತಿನ್ನಲು ಸಿಕ್ಕಿದ್ದು ಮುಗಿದಾಗ ಬೂಷ್ಟು ತಾನಾಗಿ ಹೋಗುತ್ತದೆ.

ಬಿಳಿಯಾಗಿ ಕಾಣುವುದೆಲ್ಲ ಬೂಷ್ಟಲ್ಲ. ಮುಟ್ಟಿದರೆ ಗರಿಗರಿಯಾಗಿ ಪುಡಿಯಾಗುವ, ನೀರಿನಲ್ಲಿ ಹಾಕಿದರೆ ಬಹುಪಾಲು ಕರಗುವ ಬಿಳಿ ಹೊಪ್ಪಳೆ ಬೋರ್‌ವೆಲ್ ನೀರು ಅಥವಾ ರಾಸಾಯನಿಕ ಗೊಬ್ಬರ ಬಿಟ್ಟುಹೋದ ಉಪ್ಪು. ಅದು ಮಣ್ಣಿನ ಕುಂಡದ ಹೊರಮೈಯಲ್ಲೂ ಕಾಣುತ್ತದೆ. ಬೂಷ್ಟು ಮೆತ್ತಗಿರುತ್ತದೆ, ಬೆರಳು ತಾಗಿದರೆ ಎಳೆ ಎಳೆಯಾಗಿ ಕಿತ್ತುಬರುತ್ತದೆ.

ಹಸಿರು ಪದರದ ಕಥೆ ಬೇರೆ. ಬೂಷ್ಟು ಕತ್ತಲಲ್ಲೂ ಬೆಳೆಯುತ್ತದೆ, ಪಾಚಿಗೆ ಬೆಳಕು ಬೇಕೇ ಬೇಕು. ಎಲೆಯ ಹಾಗೆ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುವ ಅದು ಬೇರನ್ನಾಗಲಿ ಕಾಂಡವನ್ನಾಗಲಿ ತಿನ್ನುವುದಿಲ್ಲ. ಆದರೆ ಮಣ್ಣಿನ ಮೇಲ್ಮೈ ದಿನಗಟ್ಟಲೆ ಒಣಗುತ್ತಿಲ್ಲ ಎಂಬುದನ್ನು ಅದು ತೋರಿಸಿಕೊಡುತ್ತದೆ, ಮತ್ತು ಆ ಅತಿ ತೇವವೇ ಬೇರಿಗೆ ಹಾನಿ. ಒದ್ದೆ ಇದ್ದಾಗ ಲೋಳೆಯಂತಿರುವ ಪಾಚಿ ಒಣಗಿದರೆ ಹಪ್ಪಳದಂತಾಗಿ ನೀರನ್ನು ಒಳಗೆ ಬಿಡುವುದಿಲ್ಲ. ನೀರು ಕುಂಡದ ಅಂಚಿನಿಂದ ಜಾರಿ ಕೆಳಗೆ ಹೋಗಿಬಿಡುತ್ತದೆ, ನಡುವಿನ ಬೇರು ಬಾಯಾರುತ್ತದೆ. ಅರ್ಧ ಅಂಗುಲ ಮಣ್ಣನ್ನು ಕೆರೆದು ತೆಗೆದು, ಕುಂಡದ ತಳದ ತೂತು ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ತೂತು ಬಿಡಿಸದೆ ಪಾಚಿಯನ್ನಷ್ಟೇ ತೆಗೆದರೆ ಅದು ಮತ್ತೆ ಬರುತ್ತದೆ.

ಹಸಿರಿನಲ್ಲೂ ಒಂದು ಗೊಂದಲವಿದೆ. ಮೊದಲು ಬಿಳಿಯಾಗಿದ್ದು ಕೆಲವು ದಿನಗಳಲ್ಲಿ ಹಸಿರು ಪುಡಿಯಾಗಿ ಬದಲಾದರೆ ಅದು ಪಾಚಿಯಲ್ಲ, ಟ್ರೈಕೋಡರ್ಮ ಇರಬಹುದು. ರೋಗ ತರುವ ಶಿಲೀಂಧ್ರಗಳನ್ನೇ ತಿನ್ನುವ ಇದನ್ನು ರೈತರು ಕೊಟ್ಟಿಗೆ ಗೊಬ್ಬರದಲ್ಲಿ ಬೇಕೆಂದೇ ಬೆಳೆಸಿಕೊಳ್ಳುತ್ತಾರೆ. ತಿಳಿಯದೆ ಅದನ್ನು ಕೆರೆದು ಎಸೆಯುವವರೇ ಹೆಚ್ಚು.

ನಿಜವಾದ ಅಪಾಯ ಇರುವುದು ಬಣ್ಣದಲ್ಲಲ್ಲ, ಜಾಗದಲ್ಲಿ. ಬಿಳಿ ಎಳೆಗಳು ಗೊಬ್ಬರದ ಚೂರನ್ನು ಬಿಟ್ಟು ಕಾಂಡದ ಬುಡವನ್ನು ಸುತ್ತಿಕೊಂಡಿದ್ದರೆ ಎಚ್ಚರ ಬೇಕು. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಮೆಣಸು, ಟೊಮ್ಯಾಟೊ, ಮಲ್ಲಿಗೆ, ವೀಳ್ಯದೆಲೆ ಹೀಗೆ ನೂರಾರು ಬಗೆಯ ಗಿಡಗಳಿಗೆ ಬುಡ ಕೊಳೆ ತರುವ ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ ಹೀಗೆಯೇ ಕಾಣುತ್ತದೆ. ಎಳೆಗಳು ಬೀಸಣಿಗೆಯಂತೆ ಹರಡಿ ಕಾಂಡವನ್ನು ಹತ್ತುತ್ತವೆ. ನಡುವೆ ಬಿಳಿ ಕಾಳುಗಳು ಮೂಡಿ, ಬರಬರುತ್ತ ಕಂದಾಗಿ, ಥೇಟ್ ಸಾಸಿವೆ ಚೆಲ್ಲಿದಂತೆ ಕಾಣುತ್ತವೆ. ಸಾಸಿವೆ ಕಾಳು ಕಂಡರೆ ಅನುಮಾನ ಉಳಿಯುವುದಿಲ್ಲ. ಕಾಳು ಮೂಡುವ ಮುನ್ನವೇ ತಿಳಿಯಬೇಕಾದರೆ ಮಣ್ಣಿಗೆ ತಾಗುವ ಕಡೆ ಕಾಂಡವನ್ನು ಉಗುರಿನಿಂದ ಮೆಲ್ಲನೆ ಒತ್ತಿ ನೋಡಬೇಕು. ಗಟ್ಟಿಯಾಗಿ ಹಸಿರಿದ್ದರೆ ಗಿಡ ಕ್ಷೇಮ. ಕಂದಾಗಿ ಮೆತ್ತಗಾಗಿ ತೊಗಟೆ ಸುಲಿದು ಬಂದರೆ, ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದಿದ್ದರೆ, ಕೊಳೆ ಒಳಗೆ ಹೊಕ್ಕಿದೆ. ಬಾಡಿತೆಂದು ಆಗ ಇನ್ನಷ್ಟು ನೀರು ಹಾಕುವುದು ರೋಗಕ್ಕೇ ನೆರವು.

ಬಿತ್ತನೆ ಟ್ರೇಯಲ್ಲಿ ಇಷ್ಟು ಕಾಯುವ ವ್ಯವಧಾನವೂ ಇರುವುದಿಲ್ಲ. ಎಳೆ ಸಸಿಗಳು ಬುಡದಲ್ಲಿ ದಾರದಂತೆ ಸಣ್ಣಗಾಗಿ ರಾತ್ರಿ ಕಳೆಯುವುದರೊಳಗೆ ಮಲಗಿಬಿಡುತ್ತವೆ, ಅನೇಕ ಸಲ ಮಣ್ಣಿನ ಮೇಲೆ ಬೂಷ್ಟು ಕಾಣದೆಯೇ. ಬಿದ್ದವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು, ನೀರು ಕಡಿಮೆ ಮಾಡಿ, ಉಳಿದವಕ್ಕೆ ಗಾಳಿ ಆಡುವಂತೆ ಮಾಡಬೇಕು.

ಬುಡ ಕೊಳೆತ ದೊಡ್ಡ ಗಿಡ ಉಳಿಯುವುದು ಅಪರೂಪ. ಅದನ್ನು ಬೇರು, ಮಣ್ಣು ಸಮೇತ ಚೀಲಕ್ಕೆ ಹಾಕಿ ಹೊರಗೆ ಕಳಿಸಬೇಕು. ಕಾಂಪೋಸ್ಟ್ ಗುಂಡಿಗೆ ಹಾಕಬಾರದು, ಆ ಮಣ್ಣನ್ನು ಇನ್ನೊಂದು ಕುಂಡಕ್ಕೆ ಸುರಿಯಲೂಬಾರದು. ಆ ಸಾಸಿವೆಯಂಥ ಕಾಳುಗಳು ಗಿಡವಿಲ್ಲದ ಮಣ್ಣಿನಲ್ಲೂ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ.