ತೆರಿಗೆ ಎಷ್ಟು, ಯಾವ ವರ್ಷ?

ಮ್ಯೂಚುವಲ್ ಫಂಡ್ ತನ್ನ ಗಳಿಕೆಗೆ ತಾನು ಆದಾಯ ತೆರಿಗೆ ಕಟ್ಟುವುದಿಲ್ಲ. ಷೇರು ಮಾರಿದ ಲಾಭವಾಗಲಿ, ಬಾಂಡ್‌ನ ಬಡ್ಡಿಯಾಗಲಿ, ಫಂಡಿನೊಳಗೆ ಇರುವಷ್ಟು ಕಾಲ ಹಾಗೇ ಬೆಳೆಯುತ್ತದೆ. ತೆರಿಗೆ ಬೀಳುವುದು ಹೂಡಿಕೆದಾರರ ಲೆಕ್ಕಕ್ಕೆ. ಅದು ಯಾವ ದರದಲ್ಲಿ ಎಂಬುದು ಫಂಡ್ ಏನನ್ನು ಕೊಂಡಿದೆ ಎಂಬುದರ ಮೇಲೆ ನಿಂತಿದ್ದರೆ, ಯಾವ ವರ್ಷ ಎಂಬುದು ಹಣ ಹಾಕುವಾಗ ಆರಿಸಿಕೊಂಡ ಗ್ರೋತ್ ಅಥವಾ ಡಿವಿಡೆಂಡ್ ಆಯ್ಕೆಯ ಮೇಲೆ ನಿಂತಿದೆ.

ಫಂಡಿನ ಹಣದಲ್ಲಿ ಕನಿಷ್ಠ ಶೇ. 65ರಷ್ಟು ಭಾರತೀಯ ಕಂಪನಿಗಳ ಷೇರುಗಳಲ್ಲಿದ್ದರೆ ಅದು ಇಕ್ವಿಟಿ ಫಂಡ್. ಒಂದು ವರ್ಷ ದಾಟಿದ ಮೇಲೆ ಮಾರಿದರೆ, ವರ್ಷಕ್ಕೆ 1.25 ಲಕ್ಷ ರೂಪಾಯಿವರೆಗಿನ ಲಾಭಕ್ಕೆ ತೆರಿಗೆಯಿಲ್ಲ; ಅದಕ್ಕಿಂತ ಹೆಚ್ಚಿನದಕ್ಕೆ ಶೇ. 12.5. ವರ್ಷದೊಳಗೇ ಮಾರಿದರೆ ಶೇ. 20.

ಈ ರಿಯಾಯಿತಿಗೆ ಕಾರಣವಿದೆ. ಷೇರುದಾರರಿಗೆ ಸೇರುವ ಲಾಭ ಕಂಪನಿ ತನ್ನ ತೆರಿಗೆ ಕಟ್ಟಿ ಉಳಿಸಿದ ಹಣ. ಸಾಲಕ್ಕೆ ಕೊಡುವ ಬಡ್ಡಿ ಹಾಗಲ್ಲ. ಕಂಪನಿ ಅದನ್ನು ಖರ್ಚೆಂದು ತೋರಿಸಿ, ಉಳಿದ ಲಾಭಕ್ಕಷ್ಟೇ ತೆರಿಗೆ ಕಟ್ಟುತ್ತದೆ. ಹಾಗಾಗಿ ಬಡ್ಡಿಗೆ ಮೊದಲ ತೆರಿಗೆ ಬೀಳುವುದೇ ಅದನ್ನು ಪಡೆದವರ ಕೈಯಲ್ಲಿ. ಜೊತೆಗೆ ಜನರ ಉಳಿತಾಯ ಷೇರುಪೇಟೆಗೆ ಬರಲಿ ಎಂಬ ಆಸೆ ಸರ್ಕಾರಕ್ಕೂ ಇತ್ತು. 2004ರಲ್ಲಿ ಷೇರು ವಹಿವಾಟಿನ ಮೇಲೆ ಸಣ್ಣ ತೆರಿಗೆಯೊಂದನ್ನು ತಂದು ದೀರ್ಘಾವಧಿ ಲಾಭಕ್ಕೆ ಪೂರ್ತಿ ವಿನಾಯಿತಿ ಕೊಟ್ಟಿತ್ತು. 2018ರಲ್ಲಿ ಆ ಲಾಭದ ಮೇಲಿನ ತೆರಿಗೆ ಮರಳಿ ಬಂತು.

ಡೆಟ್ ಫಂಡ್‌ನ ಗಳಿಕೆ ಬಹುಪಾಲು ಬಡ್ಡಿಯೇ, ಬ್ಯಾಂಕ್ ಠೇವಣಿಯ ಹಾಗೆ. ಆದರೂ ಅದನ್ನು ಮೂರು ವರ್ಷ ಇಟ್ಟುಕೊಂಡವರಿಗೆ ಹಣದುಬ್ಬರವನ್ನು ಕಳೆದು ಉಳಿದ ಲಾಭಕ್ಕೆ ಮಾತ್ರ ಶೇ. 20 ತೆರಿಗೆಯಿತ್ತು. ಠೇವಣಿಯ ಬಡ್ಡಿಗೆ ಶೇ. 30 ಕಟ್ಟುತ್ತಿದ್ದವರಿಗೆ ಇದು ದೊಡ್ಡ ಉಳಿತಾಯ. ಈ ಅಂತರ 2023ರಲ್ಲಿ ಹೋಯಿತು. ಆ ವರ್ಷದ ಏಪ್ರಿಲ್ 1ರಿಂದ ಕೊಂಡ ಡೆಟ್ ಫಂಡ್ ಯೂನಿಟ್‌ಗಳನ್ನು ಎಷ್ಟು ವರ್ಷ ಇಟ್ಟುಕೊಂಡರೂ ಲಾಭ ಆದಾಯಕ್ಕೆ ಸೇರಿ, ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ. ಅದಕ್ಕೂ ಮೊದಲು ಕೊಂಡ ಯೂನಿಟ್‌ಗಳಿಗೆ ಮಾತ್ರ ಎರಡು ವರ್ಷ ದಾಟಿದ್ದರೆ ಶೇ. 12.5ರ ದರ ಸಿಗುತ್ತದೆ.

ಹಾಗಾದರೆ ಡೆಟ್ ಫಂಡ್‌ಗೆ ಠೇವಣಿಗಿಂತ ಹೆಚ್ಚಿನದೇನೂ ಉಳಿದಿಲ್ಲವೇ? ಒಂದು ಉಳಿದಿದೆ: ತೆರಿಗೆಯ ವರ್ಷವನ್ನು ತಾವೇ ಆರಿಸಿಕೊಳ್ಳುವ ಅವಕಾಶ.

ನಿವೃತ್ತಿಗೆ ಮೂರು ವರ್ಷವಿರುವ, ಶೇ. 30ರ ಸ್ಲ್ಯಾಬ್‌ನಲ್ಲಿರುವ ನೌಕರರೊಬ್ಬರು 5 ಲಕ್ಷ ರೂಪಾಯಿ ಹಾಕಿದ್ದಾರೆ, ಫಂಡ್ ವರ್ಷಕ್ಕೆ ಶೇ. 7 ಗಳಿಸುತ್ತದೆ ಎಂದುಕೊಳ್ಳಿ. ಡಿವಿಡೆಂಡ್ ಆಯ್ಕೆಯಲ್ಲಿ ವರ್ಷ ವರ್ಷವೂ 35,000 ರೂಪಾಯಿ ಕೈಗೆ ಬಂದರೆ, ಸೆಸ್ ಬಿಟ್ಟು 10,500 ರೂಪಾಯಿ ತೆರಿಗೆ. ಡಿವಿಡೆಂಡ್ ವರ್ಷಕ್ಕೆ 10,000 ರೂಪಾಯಿ ದಾಟಿದ್ದರಿಂದ ಫಂಡ್ ಸಂಸ್ಥೆ ಶೇ. 10ರಂತೆ 3,500 ರೂಪಾಯಿ ಟಿಡಿಎಸ್ ಹಿಡಿಯುತ್ತದೆ. ಉಳಿದ 7,000 ರೂಪಾಯಿಯನ್ನು ಅವರೇ ಕಟ್ಟಬೇಕು; ಟಿಡಿಎಸ್ ಆಯಿತಲ್ಲ ಎಂದು ಸುಮ್ಮನಿದ್ದವರಿಗೆ ನೋಟಿಸ್ ಬರಬಹುದು.

ಗ್ರೋತ್ ಆಯ್ಕೆಯಲ್ಲಿ ಅದೇ ಹಣ ಮೂರು ವರ್ಷಕ್ಕೆ ಸುಮಾರು 6,12,500 ರೂಪಾಯಿ ಆಗುತ್ತದೆ. ಅಲ್ಲಿಯವರೆಗೆ ತೆರಿಗೆಯ ಮಾತೇ ಇಲ್ಲ. ಕೆಲಸದಲ್ಲಿರುವಾಗಲೇ ಹಿಂತೆಗೆದರೆ 1,12,500 ರೂಪಾಯಿ ಲಾಭಕ್ಕೆ 33,750 ರೂಪಾಯಿ ತೆರಿಗೆ. ನಿವೃತ್ತರಾದ ಮರುವರ್ಷ ತೆಗೆದರೆ? ಪಿಂಚಣಿ 6 ಲಕ್ಷವೆಂದರೂ ಲಾಭ ಸೇರಿ ಆದಾಯ 12 ಲಕ್ಷದೊಳಗೇ ಇರುತ್ತದೆ. ಈಗಿನ ಹೊಸ ತೆರಿಗೆ ಪದ್ಧತಿಯಲ್ಲಿ ಅವರು ಕಟ್ಟಬೇಕಾದದ್ದು ಸೊನ್ನೆ.

ಇಕ್ವಿಟಿ ಫಂಡ್‌ನಲ್ಲಿ ಡಿವಿಡೆಂಡ್ ಇನ್ನೂ ದುಬಾರಿ. 2020ರ ಮಾರ್ಚ್‌ವರೆಗೆ ಡಿವಿಡೆಂಡ್ ಮೇಲಿನ ತೆರಿಗೆಯನ್ನು ಫಂಡ್ ಸಂಸ್ಥೆಯೇ ಕಟ್ಟಿ, ಉಳಿದದ್ದನ್ನು ಹಂಚುತ್ತಿತ್ತು. ಡಿವಿಡೆಂಡ್‌ಗೆ ತೆರಿಗೆಯಿಲ್ಲ ಎಂಬ ನಂಬಿಕೆ ಹಳಬರಲ್ಲಿ ಉಳಿದಿರುವುದು ಅದಕ್ಕೇ. ಈಗ ಇಕ್ವಿಟಿ ಫಂಡ್‌ನ ಡಿವಿಡೆಂಡೂ ಸ್ಲ್ಯಾಬ್ ದರಕ್ಕೇ ಒಳಪಡುತ್ತದೆ, ಶೇ. 12.5ರ ರಿಯಾಯಿತಿ ಅದಕ್ಕಿಲ್ಲ.

ಅದು ಹೆಚ್ಚುವರಿ ಹಣವೂ ಅಲ್ಲ. ಯೂನಿಟ್‌ಗೆ 40 ರೂಪಾಯಿಯಂತೆ 10,000 ಯೂನಿಟ್ ಕೊಂಡವರಿಗೆ ಈಗಿನ ಬೆಲೆ 50 ರೂಪಾಯಿ ಎಂದಿರಲಿ. ಯೂನಿಟ್‌ಗೆ 4 ರೂಪಾಯಿ ಡಿವಿಡೆಂಡ್ ಕೊಟ್ಟರೆ ಬೆಲೆ 46ಕ್ಕೆ ಇಳಿಯುತ್ತದೆ. ಕೈಗೆ ಬಂದ 40,000 ರೂಪಾಯಿಯೂ ಆದಾಯವೇ, ಶೇ. 30ರ ಸ್ಲ್ಯಾಬ್‌ನಲ್ಲಿ 12,000 ರೂಪಾಯಿ ಹೋಯಿತು. ಗ್ರೋತ್‌ನಲ್ಲಿದ್ದು, ವರ್ಷ ದಾಟಿದ ಮೇಲೆ 800 ಯೂನಿಟ್ ಮಾರಿ ಅದೇ 40,000 ಪಡೆದಿದ್ದರೆ ಲಾಭವೆಂದು ಎಣಿಕೆಯಾಗುವುದು 8,000 ಮಾತ್ರ. ಬೇರೆ ಲಾಭ ಹೆಚ್ಚಿಲ್ಲದಿದ್ದರೆ ಅದು 1.25 ಲಕ್ಷದ ಮಿತಿಯೊಳಗೇ ಇರುತ್ತದೆ, ತೆರಿಗೆ ಇಲ್ಲ. 2021ರ ಏಪ್ರಿಲ್‌ನಿಂದ ಸೆಬಿ ಡಿವಿಡೆಂಡ್ ಆಯ್ಕೆಯ ಹೆಸರನ್ನೇ ಬದಲಿಸಿ, ಅದರಲ್ಲಿ ಬಂಡವಾಳದ ವಾಪಸಾತಿಯೂ ಸೇರಿದೆ ಎಂದು ಸ್ಪಷ್ಟಪಡಿಸಿತು. ಸ್ಟೇಟ್‌ಮೆಂಟ್‌ಗಳಲ್ಲಿ ಈಗ ಕಾಣುವುದು ಐಡಿಸಿಡಬ್ಲ್ಯು ಎಂಬ ಅಕ್ಷರಗಳು.

ಅದು ಕಂಡಿತೆಂದು ತಕ್ಷಣ ಗ್ರೋತ್‌ಗೆ ಬದಲಾಯಿಸಲು ಹೋಗಬೇಡಿ. ಅದೇ ಫಂಡಿನೊಳಗೆ ಆಯ್ಕೆ ಬದಲಿಸಿದರೂ ಕಾನೂನು ಅದನ್ನು ಮಾರಾಟವೆಂದೇ ಎಣಿಸುತ್ತದೆ, ಆ ದಿನದವರೆಗಿನ ಲಾಭಕ್ಕೆ ಆ ವರ್ಷವೇ ತೆರಿಗೆ ಬೀಳುತ್ತದೆ. ಇಕ್ವಿಟಿ ಫಂಡಾದರೆ ಒಂದು ವರ್ಷ ತುಂಬಿದೆಯೇ, ಡೆಟ್ ಫಂಡಾದರೆ ಆ ವರ್ಷ ಯಾವ ಸ್ಲ್ಯಾಬ್‌ನಲ್ಲಿದ್ದೀರಿ ಎಂದು ನೋಡಿಕೊಂಡು ಬದಲಾಯಿಸಿ.