ಹೊಸ ಹುದ್ದೆಗೆ ಲೆಕ್ಕದ ಆಧಾರ

ಹೊಸ ಹುದ್ದೆ ಕೇಳುವ ವಿಭಾಗ ‘ಕೆಲಸ ಜಾಸ್ತಿಯಾಗಿದೆ’ ಎಂದರೆ ಹಣಕಾಸು ತಂಡ ಒಪ್ಪುವುದಿಲ್ಲ. ಅದಕ್ಕೆ ಗಂಟೆಗಳ ಲೆಕ್ಕ ಬೇಕು. ಮೂವರಿರುವ ಬಿಲ್ ಪಾವತಿ ವಿಭಾಗವೊಂದನ್ನು ಕಲ್ಪಿಸಿಕೊಳ್ಳಬಹುದು. ತಿಂಗಳಿಗೆ 2,000 ಬಿಲ್, ಒಂದಕ್ಕೆ 15 ನಿಮಿಷ: ಒಟ್ಟು 500 ಗಂಟೆ. ರಜೆ, ಸಭೆಗಳನ್ನು ಕಳೆದರೆ ಒಬ್ಬರಿಂದ ನಿಜವಾಗಿ ಸಿಗುವುದು ಸುಮಾರು 140 ಗಂಟೆ, ಮೂವರಿಂದ 420. ಕೊರತೆ 80 ಗಂಟೆ. ಈ ಸರಾಸರಿ ಆರು ತಿಂಗಳದ್ದಾಗಿರಬೇಕು. ಮಾರ್ಚ್ ಒಂದನ್ನೇ ತೋರಿಸಿದರೆ ಗುಟ್ಟು ರಟ್ಟಾಗುತ್ತದೆ.

ಮುಂದಿನದು ವೆಚ್ಚ. 25,000 ರೂಪಾಯಿ ಸಂಬಳದ ಹುದ್ದೆಗೆ ಭವಿಷ್ಯನಿಧಿ, ಗ್ರಾಚ್ಯುಟಿ, ಬೋನಸ್, ಕಂಪ್ಯೂಟರ್ ಸೇರಿ 32,000 ತಗಲುತ್ತದೆ ಎನ್ನೋಣ. ಗಂಟೆಗೆ 240 ರೂಪಾಯಿಯಂತೆ ಓವರ್‌ಟೈಮ್ ಕೊಟ್ಟರೆ 80 ಗಂಟೆಗೆ ಆಗುವುದು 19,200 ಮಾತ್ರ. ಅಂದರೆ ಓವರ್‌ಟೈಮ್ ಉಳಿತಾಯವೊಂದೇ ಹುದ್ದೆಯನ್ನು ಸಮರ್ಥಿಸದು. ಬಿಲ್ ತಡವಾಗಿ ಕೈತಪ್ಪಿದ ರಿಯಾಯಿತಿ ತಿಂಗಳಿಗೆ 18,000 ಎಂದು ದಾಖಲೆಗಳು ತೋರಿಸಿದರೆ ಮೊತ್ತ 37,200ಕ್ಕೇರಿ ತಕ್ಕಡಿ ವಾಲುತ್ತದೆ.

ಆಗಲೂ ಎರಡು ಪ್ರಶ್ನೆ ಬರುತ್ತವೆ. ಹೊಸಬರ ಉಳಿದ 60 ಗಂಟೆಗೆ ಕೆಲಸವೇನು? ಖರೀದಿ ಆದೇಶದ ಸಂಖ್ಯೆಯಿಲ್ಲದ ಬಿಲ್‌ಗಳನ್ನು ಬಾಗಿಲಲ್ಲೇ ಹಿಂದಿರುಗಿಸಿದರೆ 15 ನಿಮಿಷ 12ಕ್ಕೆ ಇಳಿಯದೇ? ಇಳಿದರೆ ಬೇಕಾಗುವುದು 400 ಗಂಟೆ, ಹುದ್ದೆಯೇ ಬೇಡ.