ಹೋದ ವರ್ಷದ ಫ್ಲೂ ಸೂಜಿ ಈ ವರ್ಷಕ್ಕೇಕೆ ಸಾಲದು?

ಮಳೆಗಾಲ ಬಂತೆಂದರೆ ಶಿವಾಜಿನಗರ, ಹಲಸೂರಿನ ದವಾಖಾನೆಗಳಲ್ಲಿ ಕೆಮ್ಮುವ ಮಕ್ಕಳ ಸಾಲು. ‘ಹೋದ ವರ್ಷವೇ ಫ್ಲೂ ಸೂಜಿ ಹಾಕಿಸಿದ್ದೆವಲ್ಲ, ಮತ್ತೇಕೆ?’ ಎಂಬುದು ತಾಯಂದಿರ ಪ್ರಶ್ನೆ. ಲಸಿಕೆಯ ಬಲ ಕೆಲವು ತಿಂಗಳಲ್ಲಿ ಕುಗ್ಗುತ್ತದೆ, ನಿಜ. ಆದರೆ ದೊಡ್ಡ ಕಾರಣ ಬೇರೆಯೇ ಇದೆ: ವೈರಸ್ಸೇ ವೇಷ ಬದಲಿಸುತ್ತದೆ.

ಫ್ಲೂ ವೈರಸ್ಸಿನ ಮೈಮೇಲೆ ಎಚ್ ಎಂಬ ಪ್ರೋಟೀನಿನ ಮೊಳೆಗಳಿವೆ. ನಮ್ಮ ರಕ್ತದ ಪ್ರತಿಕಾಯಗಳು ವೈರಸ್ಸನ್ನು ಗುರುತಿಸುವುದು ಮುಖ್ಯವಾಗಿ ಈ ಮೊಳೆಗಳ ಆಕಾರದಿಂದ. ಜೀವಕೋಶದೊಳಗೆ ವೈರಸ್ ತನ್ನ ವಂಶವಾಹಿಗಳನ್ನು ನಕಲು ಮಾಡುವಾಗ ಅಕ್ಷರದೋಷಗಳಾಗುತ್ತವೆ, ಅವನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಹೆಚ್ಚಿನ ತಪ್ಪುಗಳಿಂದ ವೈರಸ್ಸಿಗೇ ನಷ್ಟ. ಎಲ್ಲೋ ಒಂದು ತಪ್ಪು ಮೊಳೆಯ ಆಕಾರವನ್ನು ತುಸು ಬದಲಿಸಿದರೆ ಹಳೆಯ ಪ್ರತಿಕಾಯಗಳ ಹಿಡಿತ ಸಡಿಲವಾಗುತ್ತದೆ. ಆ ತಳಿಯೇ ಹೆಚ್ಚು ಹರಡುತ್ತದೆ.

2009ರ ‘ಹಂದಿಜ್ವರ’ವನ್ನೇ ನೋಡಿ. ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರು ಅದರಿಂದಾದ ಮೊದಲ ಸಾವನ್ನು ಕಂಡಿತು. ಅದರ ವಿರುದ್ಧದ ಲಸಿಕೆಗೆ ಆರಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕ ತಳಿ. ಆಮೇಲೆ ವೈರಸ್ಸಿನ ಮೊಳೆಯ 162ನೇ ಸ್ಥಾನದಲ್ಲಿದ್ದ ಸೆರೀನ್ ಎಂಬ ಅಮೈನೋ ಆಮ್ಲದ ಜಾಗಕ್ಕೆ ಆಸ್ಪರಜೀನ್ ಬಂತು. ಅಲ್ಲಿಗೆ ಸಕ್ಕರೆಯ ಸರಪಳಿಯೊಂದು ಅಂಟಿಕೊಂಡು ಮೊಳೆಯ ಆ ಭಾಗಕ್ಕೆ ಮುಸುಕು ಹಾಕಲು ಅನುಕೂಲವಾಯಿತು. ಕೊನೆಗೆ 2016ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2017ರ ಲಸಿಕೆಗೆ ಮಿಷಿಗನ್ ತಳಿಯನ್ನು ಸೂಚಿಸಿತು. ಹೀಗೆ ವೈರಸ್ ಮೆಲ್ಲಮೆಲ್ಲಗೆ ಜಾರುವುದೇ ‘ಆಂಟಿಜೆನಿಕ್ ಡ್ರಿಫ್ಟ್’.

ಆದರೆ 2009ರಲ್ಲಿ ಆ ವೈರಸ್ ಹುಟ್ಟಿದ್ದು ಹೀಗೆ ಜಾರಿಯಲ್ಲ. ಫ್ಲೂ ವೈರಸ್ಸಿನ ವಂಶವಾಹಿಗಳು ಒಂದೇ ದಾರವಲ್ಲ, ಎಂಟು ಬಿಡಿ ತುಂಡುಗಳು. ಒಂದೇ ಜೀವಕೋಶಕ್ಕೆ ಎರಡು ಬಗೆಯ ಫ್ಲೂ ವೈರಸ್ಸುಗಳು ಹೊಕ್ಕರೆ, ಹೊರಬರುವ ಮರಿಗಳಲ್ಲಿ ಎರಡರ ತುಂಡುಗಳೂ ಕಲಸಿರಬಹುದು. ಪ್ರತಿ ತುಂಡಿಗೂ ಎರಡು ಆಯ್ಕೆ. ಎರಡನ್ನು ಎಂಟು ಸಲ ಗುಣಿಸಿದರೆ 256 ಬಗೆ. ಅವುಗಳಲ್ಲಿ ಅನೇಕವು ಬದುಕಲಾರವು. ಹಂದಿಗಳಲ್ಲಿ ಹಲವು ಸಲ ನಡೆದ ಇಂಥ ಕಲಸುವಿಕೆಯಿಂದ 2009ರ ವೈರಸ್ ಬಂತು. ಅದರಲ್ಲಿ ಹಂದಿ, ಹಕ್ಕಿ, ಮನುಷ್ಯ ಮೂವರ ವೈರಸ್ಸುಗಳ ಪಾಲೂ ಇತ್ತು. ಇದೇ ‘ರೀಅಸಾರ್ಟ್‌ಮೆಂಟ್’.

ವಿಚಿತ್ರವೆಂದರೆ, ಅಂದು ವಯಸ್ಸಾದವರಿಗಿಂತ ಎಳೆಯರಿಗೆ ಸೋಂಕು ಹೆಚ್ಚು ತಗುಲಿತು. ಸೈನ್ಯದ ದಂಡಿದ್ದ ಬೆಂಗಳೂರನ್ನೂ 1918ರಲ್ಲಿ ಕಾಡಿದ ಮಹಾಮಾರಿಯ ವೈರಸ್ಸಿನ ಎಚ್ ಮೊಳೆ ಹಂದಿಗಳಲ್ಲಿ ಉಳಿದುಕೊಂಡಿತ್ತು. ಹಂದಿಗಳ ಆಯುಷ್ಯ ಕಡಿಮೆ. ಪ್ರತಿಕಾಯಗಳಿಲ್ಲದ ಹೊಸ ಮರಿಗಳು ಸದಾ ಸಿಗುವುದರಿಂದ ವೇಷ ಬದಲಿಸುವ ಒತ್ತಡ ವೈರಸ್ಸಿಗೆ ಅಷ್ಟಿರಲಿಲ್ಲ. 1957ಕ್ಕೆ ಮೊದಲು ಹುಟ್ಟಿದ ಅನೇಕರಿಗೆ ಬಾಲ್ಯದಲ್ಲೇ ಅದರ ನೆಂಟರ ಪರಿಚಯವಾಗಿತ್ತು. ಅಜ್ಜ-ಅಜ್ಜಿಯರ ರಕ್ತಕ್ಕೆ ನೆನಪಿದ್ದ ಮುಖ ಮೊಮ್ಮಕ್ಕಳಿಗೆ ಹೊಸದಾಗಿತ್ತು.